ಇಮೇಲ್ ಹಾಕಿದ್ರೆ ಬೇಜಾರು ಅಂತಲಾ ಗುರು?

ಮೈಸೂರಿನ ಗೆಳೆಯನಿಗೆ ನಾಲ್ಕು ಸಾಲಿನ ಇಮೇಲ್ ಹಾಕಿದೆ. ಹತ್ತೇ ನಿಮಿಷಕ್ಕೆ ಫೋನ್ ಬಂತು. "ಏನ್ ಗುರು, ನನ್ನ ಮೇಲೆ ಬೇಜಾರಾ? ಇಮೇಲ್ ಹಾಕೋ ಅಂಥದ್ದು ಏನಾಯ್ತು?"

ಏನೂ ಆಗಿರಲಿಲ್ಲ. ಕುವೆಂಪುನಗರದಲ್ಲಿ ಅವನದು ಐದು ಜನರ ತಂಡ. ಮಂಡ್ಯದ ಬೆಲ್ಲದ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ. ನಾನು ಹ್ಯಾಂಬರ್ಗ್‌ನಿಂದ ಬಿಡುವಿನಲ್ಲಿ ಕೈಜೋಡಿಸುತ್ತೇನೆ. ಒಂದು ತೀರ್ಮಾನ ಬರಹದಲ್ಲಿರಲಿ ಅಂತ ಇಮೇಲ್ ಹಾಕಿದ್ದೆ, ಅಷ್ಟೇ.

ಹ್ಯಾಂಬರ್ಗ್‌ನಲ್ಲಿ ಇದು ತಿರುಗುಮುರುಗು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದ ಕೋಣೆಯವರಿಗೆ ಸುಮ್ನೆ ಒಂದು ಫೋನ್ ಮಾಡಿದ್ದೆ. ಎತ್ತಿದವರು ಗಾಬರಿಯಾಗಿ "ಸರ್ವರ್ ಬಿತ್ತಾ?" ಅಂದರು. ನಮ್ಮೂರಲ್ಲಿ ಇಮೇಲ್ ಅಂದ್ರೆ ತಕರಾರು, ಇಲ್ಲಿ ಫೋನ್ ಅಂದ್ರೆ ಅಪಾಯ.

ನಮ್ಮೂರಿನ ಫೋನ್ ಪ್ರೀತಿ ಏನು ಮಾಡುತ್ತೆ ಅಂತ ಹೇಳ್ತೀನಿ. ಒಬ್ಬ ವ್ಯಾಪಾರಿ ಶುಕ್ರವಾರ ಸಂಜೆ ಮಾರುಕಟ್ಟೆ ಗದ್ದಲದ ನಡುವೆ ಫೋನ್ ಮಾಡಿ, ಹಮಾಲಿ ದರ ಮೂಟೆಗೆ ಏಳೂವರೆ ಮಾಡಿ ಅಂದರಂತೆ. ಎತ್ತಿದ ಹುಡುಗನಿಗೆ ಕೇಳಿಸಿದ್ದು ಆರೂವರೆ. ಅವನು ಇನ್ನೊಬ್ಬನಿಗೆ ಫೋನಲ್ಲೇ ಹೇಳಿದ, ಆ ಇನ್ನೊಬ್ಬ ದರ ಬದಲಿಸಿದ. ಮೂರು ದಿನದಲ್ಲಿ 640 ಮೂಟೆಗೆ ಬಿಲ್ ಆಯ್ತು. ಕಡಿಮೆ ಬಿದ್ದದ್ದು 640 ರೂಪಾಯಿ. ದೊಡ್ಡ ದುಡ್ಡೇನಲ್ಲ, ಆದರೆ ಯಾರು ಯಾರಿಗೆ ಏನು ಹೇಳಿದರು ಅನ್ನೋದಕ್ಕೆ ಒಂದು ಸಾಲಿನ ಗುರುತೂ ಇರಲಿಲ್ಲ. ವ್ಯಾಪಾರಿ "ನಾನು ಹೇಳಿದ್ದೆ" ಅಂತಾರೆ, ಹುಡುಗ "ನಾನು ಕೇಳಿದ್ದೇ ಹಾಗೆ" ಅಂತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಅದೇ ತೊಂದರೆ.

ಹಾಗಾದ್ರೆ ವಾಟ್ಸಾಪ್ ಗುಂಪಿಗೆ ಹಾಕಬಹುದಿತ್ತಲ್ಲ ಅಂತೀರಾ? ಅದರ ಹಿಂದಿನ ಬದಲಾವಣೆಯನ್ನು ಹಾಕಿದ್ದರು. ಹುಡುಕಲು ಕೂತೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ನಮ್ಮ ಅಭ್ಯಾಸ ಗೊತ್ತಲ್ಲ. ಒಬ್ಬ `hamali`, ಇನ್ನೊಬ್ಬ `hamaali`, ಮತ್ತೊಬ್ಬ ಬರೀ `coolie`. ಒಂದನ್ನು ಹುಡುಕಿದರೆ ಉಳಿದೆರಡು ಸಿಗಲ್ಲ. ಬೇಕಾಗಿದ್ದ ದರ ಕೊನೆಗೆ ಸಿಕ್ಕಿದ್ದು ಒಂದೂವರೆ ನಿಮಿಷದ ವಾಯ್ಸ್ ಮೆಸೇಜಿನೊಳಗೆ, ಅದೂ ಬಸ್ಸಿನ ಹಾರ್ನ್ ಜೊತೆ. ಇನ್ನು ಬರೀ "ಸಾರ್" ಅಂತ ಕಳಿಸಿ ಸುಮ್ಮನಾಗೋರದ್ದು ಬೇರೆ ಕಥೆ. ಅಲ್ಲಿನ ಬೆಳಗ್ಗೆ ಒಂಬತ್ತೂವರೆ, ಬೇಸಿಗೆಯಲ್ಲಿ ನನಗೆ ಆರು ಗಂಟೆ. ಎದ್ದು "ಹೇಳಪ್ಪ" ಅಂದರೆ ಮಧ್ಯಾಹ್ನದವರೆಗೆ ಉತ್ತರವಿಲ್ಲ. ಕೇಳೋದನ್ನ ಆ "ಸಾರ್" ಪಕ್ಕದಲ್ಲೇ ಕೇಳಿಬಿಡಬಾರದಾ?

ನಾನು ಇಲ್ಲಿ ಕಲಿತದ್ದು ಒಂದೇ ಪ್ರಶ್ನೆ: ಮೂರು ತಿಂಗಳಾದ ಮೇಲೆ ಇದನ್ನು ಯಾರಾದ್ರೂ ಹುಡುಕ್ತಾರಾ? ದರ, ದಿನಾಂಕ, ಗಿರಾಕಿ ಒಪ್ಪಿದ್ದು ಇವೆಲ್ಲ ಇಮೇಲಿಗೆ. ಒಂದು ಇಮೇಲಿಗೆ ಒಂದೇ ವಿಷಯ, ತಲೆಬರಹದಲ್ಲೇ "ಹಮಾಲಿ ದರ 7.50, ಸೋಮವಾರದಿಂದ" ಅಂತ. ಕೆಲಸ ಮಾಡಬೇಕಾದವನ ಹೆಸರು `To`ನಲ್ಲಿ, ಗೊತ್ತಿರಲಿ ಅನ್ನೋರದ್ದು `Cc`ಯಲ್ಲಿ. ಐದೂ ಜನರನ್ನು `To`ಗೆ ಹಾಕಿದರೆ, ಇನ್ನೊಬ್ಬ ಮಾಡ್ತಾನೆ ಅಂತ ಐದೂ ಜನ ಕೂತಿರ್ತಾರೆ. "ಟೆಸ್ಟ್ ಮುಗೀತಾ", "ಊಟಕ್ಕೆ ಹೋಗ್ತಿದ್ದೀನಿ", ಹೀಗೆ ಸಂಜೆಗೆ ಸತ್ತುಹೋಗೋ ಮಾತು ಚಾಟಿಗೆ ಸಾಕು. ಒಂದೇ ವಿಷಯಕ್ಕೆ ಚಾಟಲ್ಲಿ ಮೂರು ಸಲ ಹಿಂದೆಮುಂದೆ ಆಯ್ತು ಅಂದರೆ ಫೋನ್ ಎತ್ತಬೇಕು. ಮಾತು ಮುಗಿದ ಮೇಲೆ ಫೋನ್ ಮಾಡಿದವನೇ ಎರಡು ಸಾಲು ಬರೆದು ಹಾಕಬೇಕು. ಆ ಎರಡು ಸಾಲು ಇದ್ದಿದ್ದರೆ ವ್ಯಾಪಾರಿಯೇ ಓದಿ "ಆರೂವರೆ ಅಲ್ಲಪ್ಪಾ" ಅಂತಿದ್ದರು.

ಇಷ್ಟು ಬೈದ ಮೇಲೆ ಇನ್ನೊಂದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ಹೋದ ರಜೆಯಲ್ಲಿ ಅವನ ಆಫೀಸಲ್ಲಿ ಕೂತಿದ್ದಾಗ ಮಂಡ್ಯದಿಂದ ಫೋನ್ ಬಂತು. ಲಾರಿ ನಿಂತಿದೆ, ಬಿಲ್ ಪ್ರಿಂಟಾಗ್ತಿಲ್ಲ. ನಮ್ಮ ಹುಡುಗ ಸಮಾಧಾನವಾಗಿ, "ಅಣ್ಣ, ಪ್ರಿಂಟ್ ಕೊಟ್ಟಾಗ ಮೇಲ್ಗಡೆ ಏನ್ ಹೆಸರು ಬರ್ತಿದೆ, ಓದಿ" ಅಂದ. ಗುಮಾಸ್ತರು ಒಂದೊಂದೇ ಅಕ್ಷರ ಕೂಡಿಸಿ ಓದಿದರು: `Microsoft Print to PDF`. ಬಿಲ್ಲು ಪ್ರಿಂಟರಿಗೆ ಹೋಗ್ತಾನೇ ಇರಲಿಲ್ಲ. ನಾಲ್ಕು ನಿಮಿಷಕ್ಕೆ ಲಾರಿ ಹೊರಟಿತು. ಇಂಥದ್ದೇ ಒಂದು ಪ್ರಿಂಟರ್ ವಿಷಯಕ್ಕೆ ಹ್ಯಾಂಬರ್ಗ್‌ನಲ್ಲಿ ನಾನು ಎರಡು ದಿನ ಇಮೇಲ್ ಬರ್ಕೊಂಡು ಕೂತಿದ್ದೆ. ಫೋನ್ ಮಾಡೋಕೆ ಸಂಕೋಚ.

ಗೆಳೆಯ ಈಗ ಎರಡು ಸಾಲು ಬರೀತಾನೆ. ನಿನ್ನೆಯೂ ಹಾಕಿದ್ದ, ತಲೆಬರಹ ಚೆನ್ನಾಗಿತ್ತು. ಓದುತ್ತಿರುವಾಗಲೇ ಫೋನ್.

"ಇಮೇಲ್ ಹಾಕಿದ್ದೀನಿ ಗುರು, ನೋಡ್ದಾ? ಕಾಫಿ ಆಯ್ತಾ?"