ಬೋರ್ಡಿನ ಫೋಟೋ ಮತ್ತು ನನ್ನ ಪಿತ್ತ

ಇವತ್ತು ಆಫೀಸಿನಲ್ಲಿ ಒಬ್ಬ ಹುಡುಗನ ಮೇಲೆ ರೇಗಿಬಿಟ್ಟೆ. ಒಳ್ಳೆಯ ಹುಡುಗ, ಕೆಲಸದಲ್ಲಿ ಚುರುಕು. ಆದರೆ ಗೋಡೆಯ ವೈಟ್‌ಬೋರ್ಡಿನ ಫೋಟೋ ತೆಗೆದು ತನ್ನ ಫೋನಿನ ಫ್ರೀ ಎಐ ಆ್ಯಪಿಗೆ ಹಾಕಿದ್ದ. "ಅಕ್ಕ, ಎರಡೇ ನಿಮಿಷದಲ್ಲಿ ಎಕ್ಸೆಲ್ ಟೇಬಲ್ ಆಗುತ್ತೆ" ಅಂದ. ಆಯ್ತು ಕೂಡ. ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು.

ನಾನು ಕುಶಾಲನಗರದ ಹತ್ತಿರ ಒಣಗಿದ ಕಾಫಿ ಹಣ್ಣಿನಿಂದ ಬೀಜ ಬಿಡಿಸುವ ಕ್ಯೂರಿಂಗ್ ಕಡೆಯ ಲೆಕ್ಕ ನೋಡುವವಳು ಅಂತ ನಿಮಗೆ ಗೊತ್ತಲ್ಲ. ನಮ್ಮ ಬೋರ್ಡಿನಲ್ಲಿ ಇರುವುದು ಕಾಫಿ ತಂದವರ ಹೆಸರು, ಚೀಲದ ಲೆಕ್ಕ, ಚೀಲಕ್ಕೆ ಎಷ್ಟು ಬೀಜ ಬಂತು ಅನ್ನುವ ಔಟ್‌ಟರ್ನ್, ಕೊಟ್ಟ ರೇಟು. ಹುಡುಗನಿಗೆ ಬೇಕಿದ್ದದ್ದು ಇಷ್ಟೇ. ಫೋಟೋಗೆ ಅದು ಗೊತ್ತಾ? ಅವನ ಫೋನ್ ಇಸಿದುಕೊಂಡು ಜೂಮ್ ಮಾಡಿದೆ. ಮೇಲಿನ ಮೂಲೆಯಲ್ಲಿ ಹೊರದೇಶದ ಖರೀದಿದಾರರ ಹೆಸರು, ಅವರಿಗೆ ನಾವು ಹೇಳಿದ ಬೆಲೆ. ಕೆಳಗೆ ಯಾರೋ ಪುಣ್ಯಾತ್ಮರು ಬರೆದಿಟ್ಟ ವೈಫೈ ಪಾಸ್‌ವರ್ಡ್. ಮೇಜಿನ ಮೇಲೆ ಒಬ್ಬ ಬೆಳೆಗಾರರ ಆಧಾರ್ ಜೆರಾಕ್ಸ್, ನಂಬರ್ ಸಲೀಸಾಗಿ ಓದಬಹುದು!

ಕೈಯಲ್ಲಿ ಟೈಪ್ ಮಾಡುವಾಗ ನಾವು ಬೇಕಾದದ್ದನ್ನು ಮಾತ್ರ ಆರಿಸುತ್ತೇವೆ. ಫೋಟೋ ಏನನ್ನೂ ಆರಿಸುವುದಿಲ್ಲ, ಎದುರಿಗೆ ಇದ್ದದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಆಫೀಸಿನವರು ಫೋಟೋ ಅಂದರೆ ಬೆಚ್ಚಿಬೀಳುವುದು ಇದಕ್ಕೇ. ಆಫೀಸಿನ ಕಂಪ್ಯೂಟರಿನಲ್ಲಿ ಪ್ಯಾನ್ ನಂಬರ್ ಅಂಟಿಸಲು ಹೋದರೆ ಹಿಡಿದು ನಿಲ್ಲಿಸುವ ಸಾಫ್ಟ್‌ವೇರ್ ಇರುತ್ತದೆ. ಸ್ವಂತ ಫೋನಿನಲ್ಲಿ ತೆಗೆದು, ಸ್ವಂತ ಡೇಟಾದಲ್ಲಿ ಕಳಿಸಿದರೆ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ಸಂಗತಿ ಅವನಿಗೆ ಹೊಳೆದೇ ಇರಲಿಲ್ಲ. ಒಂದು ಚೀಲ ರೋಬಸ್ಟಾ ಚೆರ್ರಿ, ಅಂದರೆ ಒಣಗಿದ ಹಣ್ಣು, 50 ಕೆಜಿ. ಔಟ್‌ಟರ್ನ್ 26 ಅಂದರೆ ಅದರಲ್ಲಿ 26 ಕೆಜಿ ಬೀಜ. ಚೀಲಕ್ಕೆ 10,400 ರೂಪಾಯಿ ಕೊಟ್ಟಿದ್ದರೆ ಬೀಜ ಕೆಜಿಗೆ 400 ಬಿತ್ತು. (ಸುಮ್ನೆ ಹೇಳಿದ ಅಂಕಿ. ನಿಜವಾದದ್ದನ್ನು ಇಲ್ಲಿ ಹಾಕಿದರೆ ನನಗೂ ಅವನಿಗೂ ಏನು ವ್ಯತ್ಯಾಸ?) ಅದೇ ಫೋಟೋದ ಮೂಲೆಯಲ್ಲಿ ಮಾರುವ ಬೆಲೆ ಇದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ನಮ್ಮ ಲಾಭ ಎಷ್ಟಿರಬಹುದು ಅಂತ ಸುಮಾರಾಗಿ ಗೊತ್ತಾಗಿಬಿಡುತ್ತದೆ. ಎರಡೂ ಅಂಕಿ ಬೇರೆ ಬೇರೆ ಕಾಗದದಲ್ಲಿದ್ದರೆ ಅಷ್ಟು ತೊಂದರೆ ಇರಲಿಲ್ಲ.

"ಅಮೆರಿಕದಲ್ಲಿ ಕೂತವನಿಗೆ ಸುಂಟಿಕೊಪ್ಪದ ಕಾಫಿ ಕಟ್ಟಿಕೊಂಡು ಏನಾಗಬೇಕು ಅಕ್ಕ?" ಅಂತ ಕೇಳಿದ. ಏನೂ ಆಗಬೇಕಿಲ್ಲ ಮಾರಾಯ. ಆದರೆ ಆ ಅಕೌಂಟ್ ನಿನ್ನದು, ಆಫೀಸಿನದಲ್ಲ. ನಾಳೆ ನೀನು ಪಕ್ಕದ ಕಂಪನಿಗೆ ಸೇರಿದರೆ ಈ ಚಾಟ್ ನಿನ್ನ ಜೊತೆಗೇ ಹೋಗುತ್ತದೆ. ಯಾರಿಗೆ ಎಷ್ಟು ರೇಟು ಸಿಕ್ಕಿತು ಅನ್ನುವುದಕ್ಕೆ ನಮ್ಮೂರಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಅದೂ ಅಲ್ಲದೆ ಇಂಥ ಫ್ರೀ ಆ್ಯಪುಗಳಲ್ಲಿ ಹಲವು, ನಾವು ಸೆಟ್ಟಿಂಗಿಗೆ ಹೋಗಿ ಬೇಡ ಅನ್ನುವ ತನಕ, ನಾವು ಹಾಕಿದ್ದನ್ನು ತಮ್ಮ ಮಾಡೆಲ್ ಕಲಿಸಲು ಬಳಸಬಹುದು. ಈಗ ಬೇಡ ಅಂದರೂ ಆಗಲೇ ಹೋದದ್ದು ವಾಪಸ್ ಬರುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ 2023ರಲ್ಲಿ ಇಂಜಿನಿಯರುಗಳೇ ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿ, ಕಂಪನಿ ಇಂಥ ಆ್ಯಪುಗಳನ್ನೇ ನಿಷೇಧಿಸಬೇಕಾಯಿತು. ಅವರು ದಡ್ಡರಾಗಿರಲಿಲ್ಲ. ಅವಸರದಲ್ಲಿದ್ದರು, ಅಷ್ಟೇ.

ಹಾಗಂತ ಎಐ ಮುಟ್ಟಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಆಫೀಸು ಕರಾರು ಮಾಡಿಕೊಂಡು ದುಡ್ಡು ಕೊಟ್ಟು ತೆಗೆದುಕೊಂಡ ಅಕೌಂಟ್ ಇದ್ದರೆ ಅದು ಬೇರೆ ಮಾತು. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಕ, ಖ, ಗ ಅಂತ ಹಾಕಿ, ಅಂಕಿ ಮಾತ್ರ ಟೈಪ್ ಮಾಡು. ಹತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ.

ಒಪ್ಪಿಕೊಳ್ಳುತ್ತೇನೆ, ನಾನೇನು ಸಾಚಾ ಅಲ್ಲ. ಕಳೆದ ಮಳೆಗಾಲದಲ್ಲಿ ಒಂದು ಇಂಗ್ಲಿಷ್ ಕರಾರು ಪತ್ರ ತಲೆಗೆ ಹತ್ತದೆ, ಪುಟ ಪುಟವಾಗಿ ಫೋಟೋ ತೆಗೆದು ಹಾಕುತ್ತಾ ಕೂತಿದ್ದೆ. ಏಳನೇ ಪುಟಕ್ಕೆ ಕ್ಯಾಮೆರಾ ಹಿಡಿದಾಗ ಒಂದು ಸಾಲು ಕಣ್ಣಿಗೆ ಬಿತ್ತು. ಈ ಪತ್ರವನ್ನು ಮೂರನೆಯವರಿಗೆ ತೋರಿಸಬಾರದು ಅಂತ. ಆರು ಪುಟ ಆಗಲೇ ಹೋಗಿತ್ತು. ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದೆ.

ಇವತ್ತು ಇಬ್ಬರೂ ಕೂತು ಅವನ ಚಾಟ್ ಅಳಿಸಿದೆವು. ಅಳಿಸಿದ ತಕ್ಷಣ ಅವರ ಸರ್ವರಿನಿಂದಲೂ ಹೋಗಿಬಿಡುತ್ತದೆ ಅಂತ ನಂಬುವಷ್ಟು ಮುಗ್ಧೆ ನಾನಲ್ಲ. ಗ್ಯಾಲರಿಯಿಂದಲೂ ತೆಗೆದ. ಬೋರ್ಡು ಒರೆಸಿದೆವು, ಆಧಾರ್ ಜೆರಾಕ್ಸ್ ಡ್ರಾಯರಿಗೆ ಹೋಯಿತು. ಮನೆಗೆ ಬಂದು ಕಾಫಿ ಕುಡಿಯುವಾಗ ಅವನ ಮೆಸೇಜು: "ಅಕ್ಕ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿತ್ತು. ಟ್ರ್ಯಾಶ್‌ನಲ್ಲಿ ಇನ್ನೂ 60 ದಿನ ಇರುತ್ತಂತೆ. ಅದನ್ನೂ ತೆಗೀಲಾ?"