ಇಪ್ಪತ್ತೆಂಟು ಜಿಬಿ ಖಾಲಿ, ಆದರೂ ಜಾಗ ಇಲ್ಲ

ಹಳೇ ಕಂಪ್ಯೂಟರಿನಿಂದ ಹೊಸ ಲ್ಯಾಪ್‌ಟಾಪಿಗೆ ನನ್ನ ಮೇಲ್ ಪ್ರೋಗ್ರಾಮ್ ಥಂಡರ್‌ಬರ್ಡ್ ಸಾಗಿಸುವುದು ಅರ್ಧ ಗಂಟೆಯ ಕೆಲಸ ಎಂದು ಹೆಂಡತಿಗೆ ಹೇಳಿದ್ದೆ. ಅದು ಶನಿವಾರ ಬೆಳಿಗ್ಗೆ.

ನನ್ನದು ಪಾಪ್ ಖಾತೆ. ಪತ್ರಗಳೆಲ್ಲ ಸರ್ವರಿನಿಂದ ಇಳಿದು ನನ್ನ ಕಂಪ್ಯೂಟರಿನಲ್ಲೇ ಕೂತಿವೆ. ಪತ್ರಗಳು ಸರ್ವರಿನಲ್ಲೇ ಉಳಿಯುವ ಐಮ್ಯಾಪ್ ಆಗಿದ್ದರೆ ಹೊಸದರಲ್ಲಿ ಲಾಗಿನ್ ಆದರೆ ಸಾಕು, ತಾವಾಗಿಯೇ ಬರುತ್ತಿದ್ದವು. ನಾನು ಮೊದಲು ಮಾಡಿದ ಘನಕಾರ್ಯವೆಂದರೆ `Program Files` ಒಳಗಿದ್ದ ಥಂಡರ್‌ಬರ್ಡ್ ಫೋಲ್ಡರನ್ನು ಪೆನ್ ಡ್ರೈವಿಗೆ ಹಾಕಿದ್ದು. ಮನೆ ಬದಲಾಯಿಸುವಾಗ ಸಾಮಾನೆಲ್ಲ ಬಿಟ್ಟು ಬೀಗ ಮಾತ್ರ ತಂದ ಹಾಗೆ. ಪತ್ರ, ವಿಳಾಸ, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಇರುವುದು ಬೇರೆ ಕಡೆ:

```
%APPDATA%\Thunderbird\Profiles
```

ಸರಿ, ಥಂಡರ್‌ಬರ್ಡ್ ಮುಚ್ಚಿ, ಅಲ್ಲಿದ್ದ ಪ್ರೊಫೈಲ್ ಫೋಲ್ಡರನ್ನು ಕಾಪಿಗೆ ಹಾಕಿದೆ. ನಡುವೆ ನಿಂತಿತು. `Inbox` ಎಂಬ ಫೈಲು ತುಂಬಾ ದೊಡ್ಡದಂತೆ. ಪೆನ್ ಡ್ರೈವಿನಲ್ಲಿ 28 ಜಿಬಿ ಖಾಲಿ, ಫೈಲು 4.3 ಜಿಬಿ! ಎರಡು ಸಲ ಕಿತ್ತು ಚುಚ್ಚಿದೆ, ಒಂದು ಸಲ ಊದಿದೆ. ಆಮೇಲೆ ಹೊಳೆಯಿತು: ಪೆನ್ ಡ್ರೈವು ಫ್ಯಾಟ್32 ಎಂಬ ಹಳೇ ಫಾರ್ಮ್ಯಾಟಿನದು. ಎಷ್ಟೇ ಖಾಲಿ ಇದ್ದರೂ ಒಂದೊಂದು ಫೈಲು 4 ಜಿಬಿಗಿಂತ ಕಡಿಮೆ ಇರಬೇಕು. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದಿತ್ತು, ಆದರೆ ಹಾಗೆ ಮಾಡಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದರಲ್ಲಿ ನಾದಿನಿಯ ಮಗುವಿನ ನಾಮಕರಣದ ಫೋಟೋಗಳಿದ್ದವು. ನನಗೆ ಧೈರ್ಯ ಕಡಿಮೆ.

"ವರ್ಷವಿಡೀ ಮೇಲ್ ಡಿಲೀಟ್ ಮಾಡ್ತಾನೇ ಇರ್ತೀರಲ್ಲ, ಮತ್ತೆ ಇಷ್ಟೊಂದು ಹೇಗೆ?" ಎಂದಳು ಹೆಂಡತಿ.

ಅಲ್ಲೇ ಇತ್ತು ಗುಟ್ಟು. ಇನ್‌ಬಾಕ್ಸಿನ ಪತ್ರಗಳೆಲ್ಲ ಒಂದೇ ಉದ್ದನೆಯ ಫೈಲಿನಲ್ಲಿ ಸಾಲಾಗಿ ಇರುತ್ತವೆ. ಡಿಲೀಟ್ ಒತ್ತಿದರೆ ಪತ್ರಕ್ಕೆ ಗುರುತು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಆದರೆ ಫೈಲಿನಲ್ಲಿ ಅದರ ಜಾಗ ಹಾಗೇ ಇರುತ್ತದೆ. Compact ಮಾಡಿದಾಗಲೇ ಹೋಗುವುದು.

"ಅಂದ್ರೆ ಗುಡಿಸಿ ಮೂಲೆಗೆ ತಳ್ಳಿದ್ದೀರಿ, ಎತ್ತಿ ಹಾಕಿಲ್ಲ," ಎಂದಳು. ಇಷ್ಟು ಸರಿಯಾದ ವಿವರಣೆ ನನ್ನ ಬಾಯಲ್ಲಿ ಬಂದಿರಲಿಲ್ಲ.

ಥಂಡರ್‌ಬರ್ಡ್ ಮತ್ತೆ ತೆರೆದು, ಇನ್‌ಬಾಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ Compact ಒತ್ತಿದೆ. ಕಾಫಿ ಕುಡಿದು ಬರುವಷ್ಟರಲ್ಲಿ 4.3 ಇದ್ದದ್ದು 1.6 ಆಗಿತ್ತು. ಪೆನ್ ಡ್ರೈವು ತಕರಾರಿಲ್ಲದೆ ನುಂಗಿತು.

ಹೊಸ ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಇಳಿಸಿ ಥಂಡರ್‌ಬರ್ಡ್ ತೆರೆದರೆ, "ಹೊಸ ಖಾತೆ ಮಾಡಿ" ಎಂದು ಸ್ವಾಗತಿಸಿತು. ಎದೆ ಧಸಕ್ಕೆಂದಿತು. ಅದು ತನ್ನದೇ ಖಾಲಿ ಪ್ರೊಫೈಲ್ ಹಿಡಿದು ಕೂತಿತ್ತು, ಅಷ್ಟೇ. Help ಮೆನುವಿನ Troubleshooting Information ಮೂಲಕ `about:profiles` ಪುಟಕ್ಕೆ ಹೋಗಿ, ಹೊಸ ಪ್ರೊಫೈಲಿಗೆ ನನ್ನ ಫೋಲ್ಡರನ್ನೇ ತೋರಿಸಿ ಮತ್ತೆ ಶುರು ಮಾಡಿದೆ. ಎಲ್ಲಾ ಬಂತು. ಪಾಸ್‌ವರ್ಡ್ ಕೂಡ ಕೇಳಲಿಲ್ಲ.

ಕೇಳಲಿಲ್ಲ ಅಂದರೆ ಪಾಸ್‌ವರ್ಡುಗಳೂ ಪೆನ್ ಡ್ರೈವಿನಲ್ಲೇ ಬಂದಿವೆ ಎಂದಾಯಿತು, ಅಲ್ವಾ? ನಾಮಕರಣದ ಫೋಟೋ ಕೊಡಲು ಅದು ನಾಳೆ ನಾದಿನಿ ಮನೆಗೆ ಹೋಗಬೇಕು. ತಕ್ಷಣ ಫೋಲ್ಡರ್ ಅಳಿಸಿದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಎತ್ತಿ ಹಾಕಿದ್ರಾ, ಇಲ್ಲಾ ಸುಮ್ನೆ ಗುಡಿಸಿದ್ರಾ?"