ಹಾಲೂಡಿಸುವ ಸಲಗ

ಕಚೇರಿಯ ಕ್ಯಾಲೆಂಡರಿಗೆ ಹನ್ನೆರಡು ಆನೆಗಳ ಚಿತ್ರ ಬಂದಿತ್ತು. ಅಡಿಬರಹದ ಕೆಲಸ ನನ್ನ ಕೊರಳಿಗೆ ಬಿತ್ತು. ದಂತವಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು ಎಂಬ ಬಾಲ್ಯದ ಜ್ಞಾನವನ್ನು ನಂಬಿ ಅರ್ಧ ಗಂಟೆಯಲ್ಲಿ ಮುಗಿಸಿ ಎದ್ದೆ.

ಪಶುವೈದ್ಯರಾದ ಭಾವ ಮಾರ್ಚ್ ತಿಂಗಳ ಪುಟದಲ್ಲಿ ನಿಂತುಬಿಟ್ಟರು. ಅಲ್ಲಿ ನಾನು 'ಮರಿಗೆ ನೆರಳಾದ ಸಲಗ' ಎಂದು ಬರೆದಿದ್ದೆ.

"ನಿನ್ನ ಸಲಗ ಹಾಲು ಕೊಡುತ್ತಿದೆಯಲ್ಲೋ!"

ಮರಿ ಬಿಸಿಲಿಗೆ ಹೆದರಿ ಮುಂಗಾಲುಗಳ ಸಂದಿಯಲ್ಲಿ ತಲೆ ತೂರಿಸಿದೆ ಎಂದುಕೊಂಡಿದ್ದೆ. ಆನೆಯ ಕೆಚ್ಚಲು ಹಸುವಿನಂತೆ ಹಿಂಗಾಲುಗಳ ನಡುವೆ ಇರುವುದಿಲ್ಲ, ಮುಂಗಾಲುಗಳ ನಡುವೆ ಇರುತ್ತದೆ ಎಂಬುದು ನನಗೆ ಆಗಲೇ ತಿಳಿದದ್ದು. ಹಾಗಾದರೆ ಅಷ್ಟುದ್ದದ ದಂತ? ಅದು ಆಫ್ರಿಕಾದ ಆನೆ. ಅಲ್ಲಿ ಸಾಮಾನ್ಯವಾಗಿ ಹೆಣ್ಣಿಗೂ ದಂತವಿರುತ್ತದೆ. ಮೊದಲು ಯಾವ ಖಂಡದ್ದೆಂದು ನೋಡು, ಆಮೇಲೆ ದಂತಕ್ಕೆ ಬಾ ಎಂದರು ಭಾವ.

ನಾನು ಕಿವಿಗೇ ಜೋತುಬಿದ್ದೆ. ಆಫ್ರಿಕಾದ್ದಕ್ಕೆ ಭುಜ ಮುಚ್ಚುವಷ್ಟು ಅಗಲದ ಕಿವಿ ಎನ್ನುವುದು ನಿಜ. ಆದರೆ ನಮ್ಮ ಏಷ್ಯಾದ ಆನೆ ಕೆರಳಿ ಕಿವಿಯರಳಿಸಿ ಎದುರಿಗೆ ನಿಂತ ಚಿತ್ರವನ್ನೂ ನಾನು ಧೈರ್ಯವಾಗಿ ಆಫ್ರಿಕಾಕ್ಕೆ ಕಳಿಸಿಬಿಟ್ಟೆ. ಪಕ್ಕದಿಂದ ತೆಗೆದ ಚಿತ್ರವಾದರೆ ಬೆನ್ನಿನ ಗೆರೆ ಮೋಸ ಮಾಡುವುದು ಕಡಿಮೆ. ಏಷ್ಯಾದ್ದರ ಬೆನ್ನು ಉಬ್ಬಿರುತ್ತದೆ, ಆಫ್ರಿಕಾದ್ದು ನಡುವೆ ತಗ್ಗುತ್ತದೆ. ತಲೆಯೂ ಸುಳಿವು ಕೊಡುತ್ತದೆ. ನಮ್ಮ ಕವಿಗಳು ಬಣ್ಣಿಸಿ ದಣಿದ ಜೋಡಿ ಕುಂಭಸ್ಥಳ ಏಷ್ಯಾದ ಆನೆಯದು. ಆಫ್ರಿಕಾದ್ದಕ್ಕೆ ಆ ಎರಡು ಉಬ್ಬುಗಳಿಲ್ಲ. (ಆಫ್ರಿಕಾದ ಹುಲ್ಲುಗಾವಲಿನ ಆನೆ, ಕಾಡಾನೆ ಬೇರೆ ಬೇರೆ ಪ್ರಭೇದಗಳೆಂದು ಈಗ ಎಣಿಸುತ್ತಾರೆ. ಅದನ್ನು ಭಾವ ಹೇಳಲು ಹೊರಟಾಗ ನಾನು ಕೈಮುಗಿದೆ.)

ಏಷ್ಯಾದ್ದೆಂದು ಖಚಿತವಾದರೆ, ಉದ್ದ ದಂತ ಕಂಡ ಕೂಡಲೇ ಗಂಡು ಎನ್ನಬಹುದು. ತಿರುಗಿಸಿ ಹೇಳಿದರೆ ಮಾತ್ರ ಕೆಡುತ್ತದೆ. ನವೆಂಬರಿನ ದಂತವಿಲ್ಲದ ಆನೆಗೆ ನಾನು 'ಸೌಮ್ಯ ತಾಯಿ' ಎಂದು ಬರೆದಿದ್ದೆ. ಭಾವ ಭೂತಕನ್ನಡಿ ಹಿಡಿದು, ಸೊಂಡಿಲಿನ ಬುಡ ಎಷ್ಟು ದಪ್ಪಗೆ ಉಬ್ಬಿದೆ ನೋಡು ಎಂದರು. ಹೊಟ್ಟೆಯ ಕೆಳಗೆರೆ ಹಿಂದಕ್ಕೆ ಹೋದಂತೆ ಇಳಿಬಿದ್ದು, ಹಿಂಗಾಲುಗಳ ಮುಂದೆ ಜನನಾಂಗದ ಚೀಲದ ಉಬ್ಬು ಕಾಣುತ್ತಿತ್ತು. ಸೌಮ್ಯ ತಾಯಿ ದಂತವಿಲ್ಲದ ಗಂಡು, ಅಂದರೆ ಮಖನಾ ಆಗಿತ್ತು. ಶ್ರೀಲಂಕಾದಲ್ಲಂತೂ ಹೆಚ್ಚಿನ ಗಂಡಾನೆಗಳಿಗೆ ದಂತವೇ ಇಲ್ಲವಂತೆ. ಇನ್ನು ಮೇ ತಿಂಗಳ 'ಮರಿ ಸಲಗ'ದ ತುಟಿಯಂಚಿನಲ್ಲಿ ಇಣುಕಿದ ಬಿಳಿ ತುಂಡು ದಂತವಲ್ಲ, ಏಷ್ಯಾದ ಕೆಲವು ಹೆಣ್ಣಾನೆಗಳಿಗೆ ಇರುವ ಕಿರುದಂತ.

ಡಿಸೆಂಬರಿನ ಆನೆ ಎದೆಯವರೆಗೂ ಹುಲ್ಲಿನಲ್ಲಿ ಮುಳುಗಿ, ನಮಗೆ ಹಿಂಬದಿ ತೋರಿಸಿ ನಿಂತಿತ್ತು. ಅದರಡಿ 'ಆನೆ' ಎಂದಷ್ಟೇ ಬರೆದೆ. ಭಾವ ಅದೊಂದನ್ನು ತಿದ್ದಲಿಲ್ಲ.